ಹಾಲೋ, ಹಲ್ಲೋ? ಅವ್ವನ ಬಟನ್ ಫೋನಿನ ಪಂಚಾಯ್ತಿ

ಹೋದ ವಾರ ನಮ್ಮ ಓಣ್ಯಾಗ ಒಂದು ಕುಬಸದ ಕಾರ್ಯಕ್ರಮ ಇತ್ತು. ಉಡಿ ತುಂಬೂದು ಮುಗದು, ಎಲ್ಲಾರೂ ಊಟಕ್ಕ ಕುಂತಾಗ ಮಾತು ಫೋನಿನ ಮ್ಯಾಲ ಹೋತು. ಒಬ್ಬಾಕಿ ತನ್ನ ಅತ್ತಿಯವರ ಚಿಂತಿ ಹೇಳಿಕೊಂಡ್ಲು. ಅತ್ತಿಯವರು ಊರಾಗ ಇರ್ತಾರ, ಅವರ ಕಡೆ ಹಳೇ ಬಟನ್ ಫೋನ್ ಐತಿ, ಅದರಾಗ ಕನ್ನಡ ಮೂಡೂದಿಲ್ಲ, ಏನರೆ ಬರದು ಕಳಸಬೇಕಂದ್ರ ಹೆಂಗ ಅಂತ. ಆಗ ಇನ್ನೊಬ್ಬಾಕಿ ಫಟ್ಟನ ಹೇಳಿದ್ಲು: "ಅದಕ್ಕ್ಯಾಕ ಅಷ್ಟು ಚಿಂತಿ ಮಾಡ್ತೀರಿ? ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದು ಹಾಕಿಬಿಡ್ರಿ. ಎಲ್ಲಾರೂ ಹಂಗ ಮಾಡ್ತಾರ. ತಿಳೀತೈತಿ ತಗೋರಿ."

ನನ್ನ ಬಾಯಾಗ ಹೋಳಗಿ ಇತ್ತು, ಸುಮ್ಮನಾದೆ. ಮಂದಿ ಮನ್ಯಾಗ, ಅದೂ ಕುಬಸದ ದಿನ, ವಾದ ಹಾಕೂದು ಚಂದ ಕಾಣೂದಿಲ್ಲ. ಆದ್ರ ಮನಿಗೆ ಬಂದು ಪಾತ್ರಿ ತೊಳೀತಾ ನಿಂತಾಗ ಆ ಮಾತು ತಲ್ಯಾಗ ತಿರಗಾಕ ಹತ್ತಿತು. ತಿಳೀತೈತಿ ಅಂದ್ರಲ್ಲ, ಯಾರಿಗೆ ತಿಳೀತೈತಿ? ಬರದಾಕಿಗೆ ತಿಳೀತೈತಿ. ತಾನು ಏನು ಹೇಳಾಕ ಹೊಂಟೀನಿ ಅಂತ ಆಕಿಗೆ ಮೊದಲ ಗೊತ್ತಿರತೈತಿ. ಓದಾಕಿಗೆ ತಿಳೀತೈತೇನು ಅಂತ ನಾವು ಒಬ್ಬರೂ ಕೇಳೂದಿಲ್ಲ. ನಾನೂ ಕೇಳಿದ್ದಿಲ್ಲ. ಕೇಳದ ಇದ್ದದ್ದಕ್ಕ ಏನಾತು ಅನ್ನೂದನ್ನ ಮೊದಲು ಹೇಳ್ತೀನಿ, ಆಮ್ಯಾಲ ನನ್ನ ಜಗಳ.

ನಮ್ಮವ್ವಗ ಈಗ ಎಪ್ಪತ್ನಾಕು. ಊರಾಗ ಒಬ್ಬಾಕೀನ ಇರ್ತಾಳ. ಬಾ ಅಂದ್ರ ನಾಕು ದಿನ ಬರ್ತಾಳ, ಐದನೇ ದಿನಕ್ಕ ಎಮ್ಮಿ ನೆಪ ಹೇಳಿ ಬಸ್ ಹತ್ತತಾಳ. ನಾಕನೇ ಇಯತ್ತೆ ಕಲತಾಕಿ. ದಿನಾ ಕಟ್ಟಿ ಮ್ಯಾಲ ಕುಂತು ಪೇಪರ್ ಓದತಾಳ, ಸತ್ತವರ ಸುದ್ದಿ ಹಿಡದು ಪ್ಯಾಟಿ ಧಾರಣಿತನಕ. ನನ್ನ ಮದುವಿ ಆದ ಹೊಸದಾಗ ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ತಾನ ಬರೀತಿದ್ಲು. ಅಂಚಿಗೆಲ್ಲಾ ಜಾಗಾ ಬಿಡದ ಬರದು, ಮಡಚೂ ಅಂಟಿನ ಮ್ಯಾಲೂ ಒಂದು ಸಾಲು ತುರುಕತಿದ್ಲು. ಇಂಥಾಕಿಗೆ ಈಗ ಕಿವಿ ಮಂದ ಆಗ್ಯಾವ. ಎದುರಿಗೆ ಕುಂತು ಮಾತಾಡಿದ್ರ ತುಟಿ ನೋಡಿ ತಿಳ್ಕೊತಾಳ. ಫೋನಿನ್ಯಾಗ ಅರ್ಧಕ್ಕರ್ಧ ಕೇಳೂದಿಲ್ಲ, "ಹೂಂ ಹೂಂ" ಅಂತಾಳ. ಅದಕ್ಕ ಜರೂರ್ ಮಾತು ಇದ್ರ ಬರದು ಕಳಸೂದು ಅಂತ ನಾವು ಅಕ್ಕ-ತಮ್ಮ ಮಾತಾಡಿಕೊಂಡಿದ್ವಿ. ಆಕಿ ಕಡೆ ಇದ್ದದ್ದು ನನ್ನ ತಮ್ಮ ಬಿಟ್ಟ ಹಳೇ ಬಟನ್ ಫೋನು. ತಾನು ಹೊಸಾದು ತಗೊಂಡ, ಹಳೇದು ಅವ್ವಗ ಕೊಟ್ಟ. ಎಲ್ಲಾರ ಮನ್ಯಾಗೂ ಹಂಗ ಅಲ್ಲೇನ್ರಿ? ಹಳೇ ಸೀರಿ ಒರಸೂ ಅರಬಿಗೆ, ಹಳೇ ಫೋನು ಅವ್ವಗ.

ಒಮ್ಮೆ ನಮ್ಮ ಕಡೆ ಬಂದಾಗ ಅವ್ವಗ ಭಾಳ ಸುಸ್ತು ಅಂತ ಡಾಕ್ಟರಿಗೆ ತೋರಿಸಿದೆ. ರಕ್ತ ಕಡಿಮಿ ಐತಿ ಅಂತ ಕಬ್ಬಿಣದ ಗುಳಗಿ ಬರದು ಕೊಟ್ರು. ಹಾಲಿನ ಜೋಡಿ, ಚಹಾದ ಜೋಡಿ ತಗೋಬ್ಯಾಡ್ರಿ, ತಗೊಂಡ್ರ ಗುಳಗಿ ಸರಿಯಾಗಿ ಮೈಗೆ ಹತ್ತೂದಿಲ್ಲ, ಎರಡು ತಾಸು ಅಂತರ ಇರಲಿ ಅಂತ ಹೇಳಿದ್ರು. ಅದ ಹೊತ್ತಿನ್ಯಾಗ ಅವ್ವಗ ಹಲ್ಲು ನೋವೂ ಇತ್ತು. ಊರಿಗೆ ಹೋದ ಮ್ಯಾಲ ತಮ್ಮ ಹಲ್ಲಿನ ಡಾಕ್ಟರಿಗೆ ತೋರಿಸಿದ. ಅವರು ಐದು ದಿನಕ್ಕ ಎರಡು ಥರದ ಗುಳಗಿ ಕೊಟ್ರು. ಒಂದು ಒಳಗಿನ ಕೀವು ಆರಾಕ, ಇನ್ನೊಂದು ನೋವಿಗೆ.

ಅವ್ವ ಎಲ್ಲಾ ಗುಳಗೀನೂ ಮುಂಜಾನೆ ಹಾಲಿನ ಜೋಡಿ ನುಂಗೂ ಚಟದಾಕಿ. ಅದು ನನಗ ಎರಡು ದಿನ ಬಿಟ್ಟು ನೆನಪಾತು. ನಾನು ಆಗ ಬಸ್ಸಿನ್ಯಾಗಿದ್ದೆ, ನನ್ನ ಕಡೇನೂ ಆಗ ಬಟನ್ ಫೋನ ಇತ್ತು. ಗಡಬಡಿಸಿ ಹಿಂಗ ಬರದು ಕಳಸಿದೆ:

avva halina jodi gulgi togobyada

ಎರಡು ತಾಸು ಬಿಟ್ಟು ತಗೋ ಅಂತನೂ ಬರೀಬೇಕಿತ್ತು. ಬಟನ್ ಒತ್ತಿ ಒತ್ತಿ ಬೆರಳು ನೊಂದು, ಇಷ್ಟ ಸಾಕು, ತಿಳ್ಕೊತಾಳ ಅಂತ ಬಿಟ್ಟೆ.

ಅವ್ವಗ ಇಂಗ್ಲಿಷ್ ಅಕ್ಷರ ಬರೂದಿಲ್ಲ. ಬಾಜೂ ಮನಿ ಹುಡುಗನ್ನ ಕರದು ಓದಿಸಿದ್ಲು. ಆರನೇತ್ತೆ ಓದೂ ಶಾಣ್ಯಾ ಹುಡುಗ. ಅವ ಗಟ್ಟಿಯಾಗಿ ಓದಿದ: "ಅವ್ವಾ, ಹಲ್ಲಿನ ಜೋಡಿ ಗುಳಗಿ ತಗೋಬ್ಯಾಡ."

ನೀವ ಹೇಳ್ರಿ, ಹುಡುಗಂದು ಏನು ತಪ್ಪು? ನಾ ಬರದದ್ದು "halina". ಹಲ್ಲು ಅನ್ನಾಕ ಒಂದ l ಹಾಕಿ "halu" ಅಂತ ಬರಿಯೋರು ಎಷ್ಟು ಮಂದಿ ಇಲ್ಲ? ಮ್ಯಾಲ "ಜೋಡಿ" ಅಂದ್ರ ನಮ್ಮ ಕಡೆ "ಕೂಡ" ಅಂತನೂ ಆಗತೈತಿ, "ಎರಡು" ಅಂತನೂ ಆಗತೈತಿ. ಅವ್ವನ ಡಬ್ಬ್ಯಾಗ ಹಲ್ಲಿನ ಗುಳಗಿ ಎರಡು ಥರದ್ದ ಇದ್ದವು. ಹಲ್ಲಿನ ಜೋಡಿ ಗುಳಗಿ. ಬೀಗಕ್ಕ ಕೀಲಿ ಕುಂತಂಗ ಕುಂತು ಬಿಡ್ತು. ಮಗಳು ದೊಡ್ಡ ಡಾಕ್ಟರನ್ನ ಕೇಳಿ ಹೇಳ್ಯಾಳ ಅಂತ ಅವ್ವ ಅವತ್ತಿಂದ ಹಲ್ಲಿನ ಗುಳಗಿ ಎರಡೂ ಬಿಟ್ಲು. ಕಬ್ಬಿಣದ ಗುಳಗಿ ಮಾತ್ರ ಹಾಲಿನ ಜೋಡೀನ ನುಂಗಿಕೋತ ಹೋದ್ಲು.

ಮೂರನೇ ದಿನಕ್ಕ ಗಲ್ಲ ಬಾತು ಕಣ್ಣು ಮುಚ್ಚಿತ್ತು. ಜ್ವರ ಬಂದಿತ್ತು. ತಮ್ಮ ರಾತ್ರೋರಾತ್ರಿ ಗಾಡಿ ಮಾಡಿ ಕರಕೊಂಡು ಹೋದ. ಗುಳಗಿ ಯಾಕ ನಡುವ ಬಿಟ್ರಿ ಅಂತ ಅಲ್ಲೆ ಬೈದ್ರಂತ. ಅವ್ವ ಫೋನ್ ತಗದು ತೋರಿಸಿದ್ಲು. ಅಲ್ಲಿದ್ದ ಒಬ್ಬಾಕಿ ಹುಡುಗಿ ಅದನ್ನ ನೋಡಿ ನನ್ನ ತಮ್ಮಗ ಅಂದ್ಲಂತ: "ಅಜ್ಜಿಗೆ ಓದಾಕ ಬರೂದಿಲ್ಲ ಅಂದಮ್ಯಾಲ ಇಂಥಾ ವಿಷಯ ಮೆಸೇಜ್ ಯಾಕ ಮಾಡ್ತೀರಿ?"

ಗಲ್ಲ ಎಂಟು ದಿನದಾಗ ಇಳೀತು. ಆ ಮಾತು ನನಗಿನ್ನೂ ಇಳದಿಲ್ಲ. ಓದಾಕ ಬರೂದಿಲ್ಲ! ದಿನಾ ಪೇಪರ್ ಓದಾಕಿಗೆ, ಇನ್‌ಲ್ಯಾಂಡ್ ಪತ್ರದ ಅಂಚಿಗೂ ಬರದಾಕಿಗೆ, ಓದಾಕ ಬರೂದಿಲ್ಲ ಅನ್ನೂ ಹೆಸರು. ಓದಾಕ ಬಾರದ್ದು ಆ ಫೋನಿಗೆ. ಕನ್ನಡ ಕಲೀದ್ದು ಆ ಫೋನು. ಅದರ ದಡ್ಡತನಾನ ನಾವು ನಮ್ಮವ್ವನ ತಲಿಗೆ ಕಟ್ಟಿವಿ.

ಇದ ನನ್ನ ಜಗಳ. ಇಂಗ್ಲಿಷ್ ಅಕ್ಷರದಾಗ ಬರದು ಹಾಕೂದು ಕಳಸಾಕಿಯ ಅನುಕೂಲ. ಅದರ ತ್ರಾಸು, ನಷ್ಟ, ಅಪಮಾನ ಎಲ್ಲಾ ಓದಾಕಿಗೆ. ಮತ್ತ ಓದಾಕಿ ಯಾರು? ಬಹುತೇಕ ವಯಸ್ಸಾದ ಹೆಣ್ಣುಮಗಳು.

ನನ್ನ ತಮ್ಮನ ಮಗಳು ಇದಕ್ಕ ನಕ್ಕು ಹೇಳಿದ್ಲು, "ಅತ್ತಿ, ನಾವೂ ಇಂಗ್ಲಿಷ್ ಅಕ್ಷರ ಒತ್ತೇನ ಕನ್ನಡ ಬರೀತೀವಿ, ನೀವೂ ಹಂಗ ಮಾಡ್ತೀರಲ್ಲ ಈಗ?" ಖರೆ ಐತಿ. ಈಗ ನನ್ನ ದೊಡ್ಡ ಫೋನಿನ್ಯಾಗ "haalu" ಅಂತ ಒತ್ತಿದ್ರ "ಹಾಲು" ಅಂತ ಮೂಡತೈತಿ. ಕಂಪ್ಯೂಟರಿನ್ಯಾಗ ಬರಹ ತಂತ್ರಾಂಶದಾಗೂ ಹಿಂಗ ಒತ್ತಿ ಕನ್ನಡ ತಗೀತಾರ. ಆದ್ರ ಫರಕ್ ನೋಡ್ರಿ. ಅಲ್ಲೆ ಇಂಗ್ಲಿಷ್ ಅಕ್ಷರ ಒತ್ತೂದಕ್ಕ ಮಾತ್ರ. ತಪ್ಪು ಬಿದ್ರ ನನ್ನ ಕಣ್ಣಮುಂದ ಕಾಣತೈತಿ, "ಹಲು" ಅಂತ ಬಂದ್ರ ನಾನ ತಿದ್ದತೀನಿ. ಓದಾಕಿಗೆ ಮುಟ್ಟೂದು ಶುದ್ಧ ಕನ್ನಡ. ಬಟನ್ ಫೋನಿನ್ಯಾಗ ಹಂಗಲ್ಲ. ಒತ್ತಿದ್ದು ಇಂಗ್ಲಿಷ್, ಹೋಗೂದು ಇಂಗ್ಲಿಷ್, ಮುಟ್ಟೂದು ಇಂಗ್ಲಿಷ್. ಕನ್ನಡ ಮಾಡಿಕೊಳ್ಳೂ ಕೆಲಸ ಓದಾಕಿ ತಲಿ ಮ್ಯಾಲ. ಅಕ್ಕಿ ಆರಿಸಿ ಅನ್ನ ಮಾಡಿ ಬಡಸೂದು ಒಂದು, ಹಳ್ಳು ಸಮೇತ ಅಕ್ಕಿ ಮುಂದಿಟ್ಟು ನೀವ ಆರಿಸಿಕೊಂಡು ಉಣ್ರಿ ಅನ್ನೂದು ಒಂದು.

ಇಂಗ್ಲಿಷಿನ ಇಪ್ಪತ್ತಾರು ಅಕ್ಷರದಾಗ ನಮ್ಮ ಮಾತು ಹಿಡಿಸೂದಿಲ್ಲ. "kalu" ಅಂದ್ರ ಕಾಲೋ, ಕಾಳೋ, ಕಲ್ಲೋ? "beli" ಅಂದ್ರ ನಮ್ಮ ಕಡೆ ಬೆಳಿಯೂ ಹೌದು, ಬೆಲಿಯೂ ಹೌದು, ಬೇಲಿಯೂ ಹೌದು. "beli hogaiti" ಅಂತ ಹೊಲದಿಂದ ಮೆಸೇಜ್ ಬಂದ್ರ ಪೀಕು ಹೋತೋ, ಧಾರಣಿ ಬಿತ್ತೋ, ದನ ಬೇಲಿ ಮುರಕೊಂಡು ಹೋದವೋ, ಯಾರು ಹೇಳಬೇಕು? ಲ-ಳ, ನ-ಣ, ತ-ಟ, ದ-ಡ ಎಲ್ಲಾ ಒಂದ ಆಗಿ ಬಿಡತಾವು. ಉದ್ದ ಗಿಡ್ಡ ಗೊತ್ತಾಗೂದಿಲ್ಲ. ಎದುರಿಗಿನ ಸಂದರ್ಭ ನೋಡಿ ತಿಳ್ಕೊಬೇಕು. ಮಾತಿನ ಹಿಂದ ಮುಂದ ಗೊತ್ತಿದ್ದಾಕಿ ತಿಳ್ಕೊತಾಳ, ಗೊತ್ತಿಲ್ಲದ ಹುಡುಗ ಓದಿ ಹೇಳಿದ್ರ ಗಲ್ಲ ಬಾಯತಾವು.

ಅದರ ಮ್ಯಾಲ ಫೋನಿನ ಶಾಣ್ಯಾತನ ಒಂದು. ಹಳೇ ಬಟನ್ ಫೋನಿನ್ಯಾಗ ಒಂದ ಬಟನ್ನಿನ ಮ್ಯಾಲ ಮೂರು ನಾಕು ಅಕ್ಷರ. h ಬೇಕಂದ್ರ 4 ಎರಡು ಸಲ, l ಬೇಕಂದ್ರ 5 ಮೂರು ಸಲ. ಇದನ್ನ ಕಡಿಮಿ ಮಾಡಾಕ ಅಂತ ಅದರಾಗ ಇಂಗ್ಲಿಷ್ ಶಬ್ದಕೋಶ ಒಂದು ಇರತೈತಿ. ಒಂದೊಂದು ಬಟನ್ ಒಂದೊಂದ ಸಲ ಒತ್ತಿದ್ರ ಸಾಕು, ಶಬ್ದ ತಾನ ಊಹಿಸತೈತಿ. ಇಂಗ್ಲಿಷಿಗೆ ಚಂದ. ಕನ್ನಡಕ್ಕ ಕೇಡು. 6, 2, 6, 3 ಒತ್ತಿದ್ರ ನಾ ಬರಿಯೂದು "mane", ಅದು ತಗಿಯೂದು "name". 6, 2, 5, 3 ಒತ್ತಿದ್ರ "nale" ಆಗಬೇಕು, ಆಗೂದು "male". ನಾಳೆ ಬರ್ತೀನಿ ಅಂತ ಬರದಾಕಿ ಮಳೆ ಬರ್ತೀನಿ ಅಂತ ಕಳಸಿ ಕುಂತಿರ್ತಾಳ. ನಾಳೆ ಮತ್ತ ಮಳೆ ಎರಡಕ್ಕೂ ಬಟನ್ ಅವ ಇರೂದ್ರಿಂದ ಬೆರಳಿಗೆ ತಪ್ಪು ಗೊತ್ತ ಆಗೂದಿಲ್ಲ.

ಇನ್ನ ಕೆಲವರು ರೊಕ್ಕದ ಮಾತು ತಗೀತಾರ. ಕನ್ನಡದಾಗ ಬರದ್ರ ಮೆಸೇಜ್ ಖರ್ಚು ಜಾಸ್ತಿ, ಅದಕ್ಕ ಇಂಗ್ಲಿಷ್ ಅಂತ. ಇದರಾಗ ಅರ್ಧ ಖರೆ ಐತಿ, ಹೇಳ್ತೀನಿ. ಮೊಬೈಲ್ ರಿಪೇರಿ ಕಲತ ನನ್ನ ಅಳಿಯ ನನಗ ಕುಂದರಿಸಿ ತಿಳಿಸಿದ. ಒಂದು ಮೆಸೇಜ್ ಅಂದ್ರ ಒಂದ ಅಳತಿ ಡಬ್ಬಿ. ಇಂಗ್ಲಿಷ್ ಅಕ್ಷರ ಆದ್ರ ಅದರಾಗ 160 ಹಿಡಿಸತಾವು. ಕನ್ನಡ ಆದ್ರ 70. ಯಾಕಂದ್ರ ಇಂಗ್ಲಿಷ್ ಅಕ್ಷರಕ್ಕ ಸಣ್ಣ ಖಾನೆ ಸಾಕು. ಕನ್ನಡದಂಥ ಲಿಪಿ ಕಳಸೂ ಪದ್ಧತ್ಯಾಗ ಒಂದೊಂದಕ್ಕೂ ದೊಡ್ಡ ಖಾನೆ ಬೇಕು. ಸಣ್ಣ ರವಾ ಮತ್ತ ದಪ್ಪ ರವಾ ಇದ್ದಂಗ. ಮ್ಯಾಲ ನಾವು ಒಂದ ಅಕ್ಷರ ಅನ್ನೂದನ್ನ ಅದು ಒಂದು ಅಂತ ಎಣಿಸೂದಿಲ್ಲ. ಕೊಂಬು, ಗುಡಸು, ಒತ್ತು ಎಲ್ಲಾ ಬ್ಯಾರೆ ಬ್ಯಾರೆ ಲೆಕ್ಕ. "ಸ್ತ್ರೀ" ಅನ್ನೂ ಒಂದ ಅಕ್ಷರ 70ರಾಗ ಆರು ತಿಂತೈತಿ. 71 ಆತಂದ್ರ ಎರಡು ಮೆಸೇಜಿನ ರೊಕ್ಕ.

ಸರಿ. ಹಂಗಾರ ನಾ ಅವತ್ತು ಕನ್ನಡದಾಗ ಪೂರ್ತಿ ಬರದಿದ್ರ ಎಷ್ಟಾಗ್ತಿತ್ತು? ಅಳಿಯನ ಮುಂದ ಕುಂತು ಎಣಿಸಿದೆ: "ಅವ್ವಾ, ಹಾಲಿನ ಜೋಡಿ ಗುಳಗಿ ತಗೋಬ್ಯಾಡ. ಎರಡು ತಾಸು ಬಿಟ್ಟು ತಗೋ." ನಡುವಿನ ಜಾಗಾ, ಚುಕ್ಕಿ ಎಲ್ಲಾ ಹಿಡದು 55. ಒಂದ ಮೆಸೇಜಿನ್ಯಾಗ ಹಿಡಿಸಿ ಹದಿನೈದು ಉಳೀತಾವು. ಮನಿ ಮಾತು ಅಂದ್ರ ಇಷ್ಟ ಇರತಾವು. ಅವ್ವಗ ಯಾರೂ ಪ್ರಬಂಧ ಬರೀಬೇಕಾಗಿಲ್ಲ. ಗಾಡಿ ಮಾಡಿಕೊಂಡು ರಾತ್ರಿ ದವಾಖಾನಿಗೆ ಹೋದ ಖರ್ಚಿನ್ಯಾಗ ಎಷ್ಟು ಮೆಸೇಜ್ ಬರ್ತಿದ್ದವು ಅಂತ ಬೇಕಾದ್ರ ನನ್ನ ತಮ್ಮನ್ನ ಕೇಳ್ರಿ.

ಖರೆ ಅಡಚಣಿ ಎಲ್ಲೈತಿ ಅಂದ್ರ, ಕಳಿಸಿದ ಕನ್ನಡ ಆ ಫೋನಿನ್ಯಾಗ ಮೂಡಬೇಕಲ್ಲ. ಇಲ್ಲೂ ನಾವು ಕಣ್ಣು ಮುಚ್ಚಿ "ಕನ್ನಡ ಬರೂದಿಲ್ಲ" ಅಂದುಬಿಡ್ತೀವಿ. ಏನು ಬಂದೈತಿ ಅಂತ ನೋಡೂದಿಲ್ಲ. ನೋಡಿದ್ರ ರೋಗ ಗೊತ್ತಾಗತೈತಿ.

ಸಾಲಾಗಿ ಖಾಲಿ ಚೌಕ ಚೌಕ ಕಂಡ್ರ, ಕನ್ನಡ ಮುಟ್ಟೈತಿ, ಆದ್ರ ಅದನ್ನ ತಗದು ತೋರಸೂ ಅಕ್ಷರದ ಅಚ್ಚು ಆ ಫೋನಿನ್ಯಾಗ ಇಲ್ಲ ಅಂತ ಅರ್ಥ. ಇಂಥ ಮೆಸೇಜ್ ಅಳಿಸಬ್ಯಾಡ್ರಿ. ಅದನ್ನ ಕನ್ನಡ ಬರೂ ಇನ್ನೊಂದು ಫೋನಿಗೆ ಮುಂದಕ್ಕ ಕಳಿಸಿದ್ರ ಬಹಳಷ್ಟು ಸಲ ಅಲ್ಲೆ ಸರಿಯಾಗಿ ಮೂಡತೈತಿ. ಮಾತು ಒಳಗ ಇದ್ದ ಇರತೈತಿ, ತೋರಸಾಕ ಮಾತ್ರ ಬರೂದಿಲ್ಲ. ಚೌಕದ ಬದಲಿ ಸಾಲಾಗಿ ಪ್ರಶ್ನಾ ಚಿಹ್ನೆ ಕಂಡ್ರ, ಬಹಳ ಮಾಡಿ ಕನ್ನಡ ದಾರ್ಯಾಗ ಇಲ್ಲಾ ಕಳಸೂ ಕಡೇನ ಕಳದು ಹೋಗೈತಿ. ಅದನ್ನ ಎಲ್ಲಿ ಒಯ್ದು ತೋರಿಸಿದ್ರೂ ಬರೂದಿಲ್ಲ, ಕಳಿಸಿದವರಿಗೆ ಮತ್ತೊಮ್ಮೆ ಕಳಸು ಅನ್ನಬೇಕು. ಮೂರನೇದು, ಅಕ್ಷರ ಮೂಡತಾವು, ಆದ್ರ ಒತ್ತಕ್ಷರ ಕೆಳಗ ಕುಂದರದ ಬಾಜೂಕ ಬೀಳತಾವು, ಗುಡಸು ಅಕ್ಷರ ಬಿಟ್ಟು ದೂರ ನಿಲ್ಲತೈತಿ. ಅಲ್ಲೆ ಅಚ್ಚು ಐತಿ, ಜೋಡಸೂ ವಿದ್ಯೆ ಇಲ್ಲ. ನಮ್ಮವ್ವನಂಥಾಕಿ ಅದನ್ನ ಹೆಂಗೋ ಓದತಾಳ. ಸಣ್ಣ ಹುಡುಗರು ಬರದಂಗ ಐತಿ ಅಂತಾಳ, ಅಷ್ಟ.

ಅವ್ವನ ಫೋನಿನ್ಯಾಗ ಇದ್ದದ್ದು ಚೌಕ. ಅದಕ್ಕ ಔಷಧ ಇಲ್ಲ. ಅಂಥಾ ಫೋನಿಗೆ ಆಮ್ಯಾಲ ಅಚ್ಚು ತುಂಬಾಕ ನಮ್ಮಂಥವರಿಗೆ ದಾರಿ ಇಲ್ಲ ಅಂತ ಅಳಿಯ ಹೇಳಿದ.

ಆದ್ರ ಅದ ಅಳಿಯ ಇನ್ನೊಂದು ಮಾತು ಹೇಳಿದ, ಅದನ್ನ ಕೇಳಿ ನಾ ಕುಂತಲ್ಲೇ ಎದ್ದು ನಿಂತೆ. ಭಾರತೀಯ ಮಾನಕ ಬ್ಯೂರೋದ್ದು ಐಎಸ್ 16333, ಭಾಗ 3 ಅಂತ ಒಂದು ನಿಯಮ ಐತಿ, 2016ರದ್ದು. ಅದರ ಪ್ರಕಾರ ನಮ್ಮ ದೇಶದಾಗ ಮಾರೂ ಮೊಬೈಲ್ ಫೋನು, ಬಟನ್ನಿನ ಅಗ್ಗದ ಫೋನೂ ಹಿಡದು, ಸಂವಿಧಾನದಾಗ ಪಟ್ಟಿ ಮಾಡಿದ 22 ಭಾಷೆಯ ಮೆಸೇಜನ್ನೂ ಓದಾಕ ಬರೂಹಂಗ ತೋರಸಬೇಕು. ಕನ್ನಡ ಅದರಾಗ ಒಂದು. ಅಂದ್ರ ಕನ್ನಡ ಮೂಡೂ ಬಟನ್ ಫೋನು ಅನ್ನೂದು ದೊಡ್ಡಸ್ತಿಕಿ ಅಲ್ಲ, ಕೇಳಿ ಪಡೀಬೇಕಾದ ಹಕ್ಕು. ನಾವು ಹಳೇ ಫೋನು ಅವ್ವನ ಕೈಗೆ ತುರುಕಿ, ಕನ್ನಡ ಬರೂದಿಲ್ಲ ಏನು ಮಾಡೂದು ಅಂತ ಕೈ ತೊಳಕೊಂಡಿದ್ವಿ.

ಆ ನಿಯಮದಾಗೂ ಒಂದು ಸಂದಿ ಐತಿ, ಅದು ನಿಮಗ ಗೊತ್ತಿರಬೇಕು. ಓದೂದಕ್ಕ 22 ಭಾಷೆ. ಬರಿಯೂದಕ್ಕ ಹಂಗಿಲ್ಲ. ಇಂಗ್ಲಿಷ್, ಹಿಂದಿ, ಮತ್ತ ಕಡಿಮಿ ಅಂದ್ರ ಇನ್ನೊಂದು ಭಾರತೀಯ ಭಾಷೆ ಇದ್ರ ಸಾಕು. ಆ ಇನ್ನೊಂದು ಕನ್ನಡಾನ ಆಗಬೇಕಂತ ಇಲ್ಲ. ಹಿಂಗಾಗಿ ನಮ್ಮ ಪ್ಯಾಟ್ಯಾಗ ಮಾರೂ ಫೋನಿನ್ಯಾಗೂ ಕನ್ನಡ ಓದಾಕ ಬರತೈತಿ, ಬರಿಯಾಕ ಬರದ ಇರಬಹುದು. ಇದಕ್ಕೂ ನಾ ಸಿಟ್ಟಾಗಬೇಕು, ಆಗ್ತೀನಿ. ನಮ್ಮ ನೆಲದಾಗ ಮಾರೂ ಫೋನಿನ್ಯಾಗ ನಮ್ಮ ಅಕ್ಷರ ಒತ್ತಾಕ ಬರಬೇಕು. ಅವ್ವಗ ಬರೂ ಮೆಸೇಜ್ ಬೇಕು, ಆಕಿ ತಿರುಗಿ ಹೇಳೂದು ಬ್ಯಾಡ ಅಂದ್ರ ಅದು ಯಾವ ನ್ಯಾಯ?

ಹಂಗಂತ ಅಂಗಡ್ಯಾಗಿನ ಹುಡುಗ "ಕನ್ನಡ ಐತ್ರಿ" ಅಂದಾಕ್ಷಣ ರೊಕ್ಕ ಕೊಡಬ್ಯಾಡ್ರಿ. ಐತಿ ಅನ್ನೂದರಾಗ ಮೂರು ಥರ. ಮೆನು ಕನ್ನಡದಾಗ ಇರೂದು ಒಂದು, ಬಂದ ಮೆಸೇಜ್ ಕನ್ನಡದಾಗ ಮೂಡೂದು ಒಂದು, ಕನ್ನಡದಾಗ ಬರಿಯಾಕ ಬರೂದು ಒಂದು. ಒಂದು ಇದ್ದಲ್ಲೆ ಇನ್ನೊಂದು ಇರತೈತಿ ಅಂತ ಹೇಳಾಕ ಆಗೂದಿಲ್ಲ. ನಾ ಅವ್ವಗ ಫೋನ್ ತಗೊಳ್ಳಾಕ ಹೋದಾಗ ಹಿಂಗ ಮಾಡಿದೆ. ನನ್ನ ಸಿಮ್ ತಗದು ಆ ಫೋನಿಗೆ ಹಾಕ್ಸಿದೆ. ಮನ್ಯಾಗಿದ್ದ ಸೊಸಿಗೆ "ಸ್ತ್ರೀ, ಜ್ಞಾನ, ಕ್ಷೌರ, ಸೂರ್ಯ, ಅವ್ವಾ ಊಟ ಆತೇನು" ಅಂತ ಬರದು ಕಳಸು ಅಂದೆ. ಒತ್ತಕ್ಷರ ಕೆಳಗ ಕುಂತಾವೇನು, ಸೂರ್ಯದಾಗಿನ ಅರ್ಕಾವೊತ್ತು ಸರಿ ಬಂದೈತೇನು ಅಂತ ಕನ್ನಡಕ ಹಾಕ್ಕೊಂಡು ನೋಡಿದೆ. ಮೊದಲನೇ ಫೋನಿನ್ಯಾಗ ಮೆನು ಕನ್ನಡ ಇತ್ತು, ಅಕ್ಷರ ಮಾತ್ರ ಸಾಸಿವಿಗಿಂತ ಸಣ್ಣು. ವಾಪಸ್ ಕೊಟ್ಟೆ. ಎರಡನೇದರಾಗ ಅಕ್ಷರ ದೊಡ್ಡ ಮಾಡಾಕ ಬರ್ತಿತ್ತು, ಎಲ್ಲಾ ಸರಿ ಮೂಡಿತು. ಆಮ್ಯಾಲ ಹೊಸ ಮೆಸೇಜ್ ತಗದು, ಬರಿಯೂ ಭಾಷೆ ಪಟ್ಟ್ಯಾಗ ಕನ್ನಡ ಐತೇನು ನೋಡಿದೆ. ಇದ್ದಿದ್ದಿಲ್ಲ. ಆ ಅಂಗಡ್ಯಾಗ ಬರಿಯಾಕ ಬರೂದೂ ಇದ್ದ ಬಟನ್ ಫೋನು ಸಿಗಲಿಲ್ಲ, ಓದೂದರೆ ಆಗಲಿ ಅಂತ ಅದನ್ನ ತಂದೆ. ಅಂಗಡಿ ಹುಡುಗ ಬ್ಯಾಸರ ಮಾಡಿಕೊಂಡ. ಕಾಯಿಪಲ್ಲೆ ಮುರದು ನೋಡಿ ತಗೊಳ್ಳೂ ನಾವು ಫೋನ್ ನೋಡದ ತಗೋಬೇಕೇನು?

ದೊಡ್ಡ ಟಚ್ ಫೋನ್ ಯಾಕ ಕೊಡಸಲಿಲ್ಲ ಅಂತ ಕೇಳ್ತೀರಿ. ಒಂದು ತಿಂಗಳು ಕೊಟ್ಟು ನೋಡಿವಿ. ಒರಟು ಬೆರಳಿಗೆ ಗಾಜು ಒಲಿಯೂದಿಲ್ಲ, ದಿನಾ ಚಾರ್ಜ್ ಹಾಕೂದು ನೆನಪಿರೂದಿಲ್ಲ, ಕರೆಂಟು ಇದ್ದಾಗ ಆಕಿ ಹಿತ್ತಲದಾಗ ಇರ್ತಾಳ. ಬಟನ್ ಫೋನು ನಾಕೈದು ದಿನ ಉಸಿರು ಹಿಡೀತೈತಿ. ಆಕಿಗೆ ಬೇಕಾದ್ದು ಬಟನ್ನು, ಅದರ ಮ್ಯಾಲ ಕನ್ನಡ. ಎರಡೂ ಕೂಡಿ ಕೇಳೂದು ಅತಿ ಆಸೆ ಅಲ್ಲ.

ಎಲ್ಲಾರಿಗೂ ಇವತ್ತ ಹೊಸ ಫೋನು ಆಗೂದಿಲ್ಲ, ಗೊತ್ತೈತಿ. ಹಳೇ ಫೋನಿಗೆ ಇಂಗ್ಲಿಷ್ ಅಕ್ಷರದಾಗ ಬರೀದ ಗತಿ ಇಲ್ಲ ಅನ್ನೂ ದಿನಾನೂ ಬರತಾವು. ಬರೀರಿ, ಆದ್ರ ಓದಾಕಿ ಕಡೆ ನಿಂತು ಬರೀರಿ. ಮೊದಲು ಆ ಇಂಗ್ಲಿಷ್ ಶಬ್ದಕೋಶ ಬಂದ್ ಮಾಡ್ರಿ. ಬಹಳ ಫೋನಿನ್ಯಾಗ ಬರೀತಾ ಇದ್ದಾಗ # ಬಟನ್ ಒತ್ತಿದ್ರ ಬದಲಾಗತೈತಿ. ದೀರ್ಘ ಇದ್ದಲ್ಲೆ ಅಕ್ಷರ ಎರಡು ಸಲ ಹಾಕ್ರಿ. "halina" ಬರಿಯಾಕ ನಾ ಬಟನ್ ಒತ್ತಿದ್ದು ಹನ್ನೆರಡು ಸಲ. "haalina" ಅಂತ ಬರದಿದ್ರ ಹದಿಮೂರು. ಅವ್ವನ ಗಲ್ಲ ಬಾತದ್ದು ಆ ಒಂದ ಒಂದು ಒತ್ತಿಗೆ. ಒತ್ತು ಇದ್ದಲ್ಲೆ "hallu" ಅಂತ ಎರಡು l ಬಿಡಬ್ಯಾಡ್ರಿ. ಎಷ್ಟು ಅನ್ನೂದನ್ನ ಅಂಕಿಯಾಗ ಬರೀರಿ, 2 tasu, 6 gante ಅಂತ. ಇಂಗ್ಲಿಷ್ ಬರದಾಕಿಗೂ ಅಂಕಿ ಬರತಾವು. ಮತ್ತ ಬ್ಯಾಡ ಅನ್ನೂದನ್ನ ಒಂದನ್ನ ಬರದು ನಿಲ್ಲಿಸಬ್ಯಾಡ್ರಿ, ಏನು ಮಾಡಬೇಕು ಅನ್ನೂದನ್ನೂ ಹೇಳ್ರಿ. "2 tasu bittu, neeru jodi togo" ಅಂತ ನಾ ಕೂಡಿಸಿದ್ರ ಆ ಹುಡುಗಗೂ ಅನುಮಾನ ಬರ್ತಿತ್ತು.

ಇದಕ್ಕಿಂತ ಪಾಡು ಒಂದು ಉಪಾಯ ನಾನೂ ಅವ್ವಾನೂ ಕೂಡಿ ಮಾಡಿವಿ. ಹೊಸ ಫೋನು ಬರೂತನಕ ಮೂರು ತಿಂಗಳು ಅದರ ಮ್ಯಾಲ ನಡಿಸಿವಿ. ಒಂದು ರಟ್ಟಿನ ಮ್ಯಾಲ ದಪ್ಪ ಕನ್ನಡ ಅಕ್ಷರದಾಗ ಹತ್ತು ಮಾತು ಬರದು, ಮುಂದ ನಂಬರ್ ಹಾಕಿ, ಗ್ವಾಡಿಗೆ ಕ್ಯಾಲೆಂಡರ್ ಬಾಜೂಕ ಹಚ್ಚಿದೆ. 1 ಅಂದ್ರ "ನಾಳೆ ಬರ್ತೀನಿ". 2 ಅಂದ್ರ "ಈ ವಾರ ಬರೂದಿಲ್ಲ, ಹಾದಿ ಕಾಯಬ್ಯಾಡ". 3 ಅಂದ್ರ "ಗುಳಗಿ ನೀರಿನ ಜೋಡಿ ತಗೋ, ಹಾಲು ಬ್ಯಾಡ". 4 ಅಂದ್ರ "ದವಾಖಾನಿಗೆ ಹೋಗಬೇಕು, ತಯಾರಾಗು". 5 ಅಂದ್ರ "ರೊಕ್ಕ ಕಳಿಸೀನಿ". ಹಿಂಗ ಹತ್ತು. ನಾನು ಬರೀ ಒಂದು ಅಂಕಿ ಕಳಸತಿದ್ದೆ, ಅವ್ವ ಗ್ವಾಡಿ ನೋಡಿ ತಾನ ಓದಿಕೊಂತಿದ್ಲು, ಕನ್ನಡದಾಗ, ಯಾರನ್ನೂ ಕರೀದ. ಓದೀನಿ ಅನ್ನಾಕ ಒಂದು ಮಿಸ್ ಕಾಲ್. ಹೂಂ ಅನ್ನಾಕ ಒಂದು, ಒಲ್ಲೆ ಅನ್ನಾಕ ಎರಡು. ರಟ್ಟಿನ ಮ್ಯಾಲ ಇಲ್ಲದ ಮಾತಿಗೆ ಇದು ಬರೂದಿಲ್ಲ, ಅದು ಇದರ ಮಿತಿ. ಅಂಥಾದ್ದಕ್ಕ 9 ಅಂತ ಕಳಸತಿದ್ದೆ. 9 ಅಂದ್ರ "ತಮ್ಮ ಬಂದು ಹೇಳ್ತಾನ, ಅಲ್ಲೀತನಕ ಏನೂ ಬದಲಿ ಮಾಡಬ್ಯಾಡ".

ಈಗ ಆ ರಟ್ಟು ಬೇಕಾಗಿಲ್ಲ, ಆದ್ರೂ ಅವ್ವ ತಗೀಗೊಟ್ಟಿಲ್ಲ. ಹೊಸ ಫೋನು ಬಂದ ದಿನ ನಾ ಮೊದಲ ಮೆಸೇಜ್ ಕಳಸಿದೆ: "ಅವ್ವಾ, ಹಾಲು ಕುಡಿ. ಹಲ್ಲು ತಿಕ್ಕು." ಸ್ವಲ್ಪ ಹೊತ್ತಿಗೆ ಮಿಸ್ ಕಾಲ್ ಬಂತು. ಮತ್ತ ಆಕೀನ ಫೋನ್ ಹಚ್ಚಿ, ನನ್ನ ಮಾತು ಕೇಳಿಸದಿದ್ರೂ ತನ್ನ ಮಾತು ತಾನು ಆಡಿ ಇಟ್ಲು: "ಬಾಜೂ ಮನಿ ಹುಡುಗ ಇವತ್ತು ಸಾಲಿಗೆ ಹೋಗ್ಯಾನ, ನಾನ ಓದಿದೆ. ಹಾಲು, ಹಲ್ಲು, ಎರಡೂ ಬ್ಯಾರೆ ಬ್ಯಾರೆ ಮೂಡ್ಯಾವ ನೋಡು."

ಕುಬಸದ ಊಟದಾಗ ಹಂಗ ಅಂದಾಕಿ ಇದನ್ನ ಓದ್ತಾಳ ಅಂತ ಗೊತ್ತೈತಿ. ತಂಗೀ, ನಿನ್ನ ಮ್ಯಾಲ ಸಿಟ್ಟಿಲ್ಲ. ಅವತ್ತು ನಾ ಹೇಳಬೇಕಾದ್ದು ಇಷ್ಟ ಇತ್ತು: ಮುಂದಿನ ಸಲ "ತಿಳೀತೈತಿ ತಗೋರಿ" ಅನ್ನೂ ಮೊದಲ ನಿನ್ನ ಅತ್ತಿ ಕೈಯಾಗ ಆ ಫೋನ್ ಕೊಟ್ಟು, ಬಾಜೂಕ ಯಾರನ್ನೂ ಕರೀದ, ಆ ಮೆಸೇಜ್ ಆಕಿ ಕಡಿಂದನ ಓದಿಸಿ ನೋಡು.